“ಸುಮಾರೈತಿ” ಎಂದು ಬರೆದು ಅಳಿಸಿದ ಮೇಲೆ: ಗ್ರೈಂಡರ್ ಟಿಪ್ಪಣಿ, ಆರನೆಯ ವಾರ

ಅಕ್ಕಿಹಿಟ್ಟಿನಲ್ಲಿ ಉಳಿಯುತ್ತಿದ್ದ ತರಿಗೆ ಕಾರಣ ಕಳೆದ ಭಾನುವಾರ ಕೊನೆಗೂ ಸಿಕ್ಕಿತು. ಅದು ಸಿಕ್ಕ ಕೂಡಲೇ, 2 ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ ಬಗ್ಗೆ ನಾನು ಬರೆದಿಟ್ಟಿದ್ದ ಮೂರು ಸ್ಟಾರಿನ ರಿವ್ಯೂವನ್ನು ಪೂರ್ತಿ ಅಳಿಸಿ ಮೊದಲಿನಿಂದ ಬರೆಯಬೇಕಾಯಿತು. ನಾನು ಅಡುಗೆಮನೆಯ ಸಾಮಾನಿಗೆ ರಿವ್ಯೂ ಬರೆಯುತ್ತಿರುವುದು ಇದೇ ಮೊದಲು. ಹೊಸ ಕಲ್ಲುಗಳನ್ನು ತೊಳೆದು ಪಳಗಿಸುವುದು, ನೆನೆಸುವುದು, ಮೊದಲು ಉದ್ದು ಆಮೇಲೆ ಅಕ್ಕಿ ಎಂಬ ಕ್ರಮ, ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಮೊದಲ ಕರಡಿನಲ್ಲಿದ್ದದ್ದು ಇಷ್ಟು: “ಸಾಧಾರಣವಾಗಿದೆ. ಕೊಟ್ಟ ಹಣಕ್ಕೆ ಪರವಾಗಿಲ್ಲ. ಅಕ್ಕಿ ಅಷ್ಟು ನುಣ್ಣಗಾಗುವುದಿಲ್ಲ.” ಚಿತ್ರದುರ್ಗದಲ್ಲಿರುವ ನನ್ನ ಅಣ್ಣನ ಮಗಳು ಇದೇ ಮಾದರಿಯನ್ನು ಕೊಳ್ಳುವ ಯೋಚನೆಯಲ್ಲಿದ್ದುದರಿಂದ, ಪ್ರಕಟಿಸುವ ಮುನ್ನ ಅವಳಿಗೆ ಕಳುಹಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು. “ಚಿಕ್ಕಪ್ಪ, ಸುಮಾರೈತಿ ಅಂತ ಬರೆದ್ರೆ ನಾನು ತಗಳ್ಳೋದಾ ಬ್ಯಾಡ್ವಾ? ಏನು ಸುಮಾರೈತಿ, ಅದನ್ನ ಹೇಳ್ರಿ” ಎಂದು ಕೇಳಿದಳು. ನಾನು ಬಾಯಿಯಲ್ಲಿ ವಿವರಿಸತೊಡಗಿದಾಗ ಗೊತ್ತಾದ ಸಂಗತಿಯೆಂದರೆ, ನಾನು ಹೇಳುತ್ತಿದ್ದ ಯಾವ ಮಾತೂ ಸಾಧಾರಣವಾಗಿರಲಿಲ್ಲ. ಉದ್ದು ಅರೆಯುವುದರಲ್ಲಿ ಈ ಯಂತ್ರ ಬಹಳ ಚೆನ್ನಾಗಿದೆ. ಅಕ್ಕಿಯ ವಿಷಯದಲ್ಲಿ ತೊಂದರೆ ಕೊಡುತ್ತದೆ. ಈ ಎರಡನ್ನೂ ಕೂಡಿಸಿ ಭಾಗಿಸಿದ್ದರಿಂದಲೇ ಮೂರು ಬಂದಿತ್ತು. ಓದುವವರಿಗೆ ಬೇಕಾದದ್ದು ಆ ಎರಡು ಸಂಗತಿಗಳು, ನಾನು ಕೊಟ್ಟಿದ್ದು ಅವುಗಳ ಸರಾಸರಿ.

ಐದು ಸ್ಟಾರಿನವರೂ ಒಂದು ಸ್ಟಾರಿನವರೂ ಏನನ್ನೂ ವಿವರಿಸದಿದ್ದರೂ ಅವರ ಒಲವು ಯಾವ ಕಡೆಗೆ ಎಂಬುದಾದರೂ ತಿಳಿಯುತ್ತದೆ. ಮೂರು ಸ್ಟಾರಿನಲ್ಲಿ ಅದೂ ತಿಳಿಯುವುದಿಲ್ಲ. ಅರೆಯುವುದೆಲ್ಲ ಚೆನ್ನಾಗಿದ್ದು ಸದ್ದು ಮಾತ್ರ ಹೆಚ್ಚು ಎನ್ನುವವರೂ, ಸದ್ದೇ ಇಲ್ಲದೆ ಓಡಿದರೂ ಹಿಟ್ಟು ತರಿತರಿ ಎನ್ನುವವರೂ ಮೂರನ್ನೇ ಕೊಡುತ್ತಾರೆ. ಇನ್ನು ಅಣ್ಣನ ಮಗಳ ಲೆಕ್ಕವೇ ಬೇರೆ. ನಮ್ಮ ದಾವಣಗೆರೆಯ ಮನೆಯಲ್ಲಿ ಆರು ಜನ ಇದ್ದೇವೆ, ವಾರಕ್ಕೊಮ್ಮೆಯಾದರೂ ಬೆಣ್ಣೆದೋಸೆ ಆಗಲೇಬೇಕು. ಆದ್ದರಿಂದ 600 ಗ್ರಾಂ ಅಕ್ಕಿ, 200 ಗ್ರಾಂ ಉದ್ದಿನಬೇಳೆ, ಅಕ್ಕಿಯ ಜೊತೆಗೆ ನೆನೆದ ಮಂಡಕ್ಕಿ, ಇಷ್ಟು ಒಂದು ಸಲಕ್ಕೆ ಬೀಳುತ್ತದೆ. ಅವಳ ಮನೆಯಲ್ಲಿರುವುದು ಇಬ್ಬರೇ. ಬಾಡಿಗೆಯ ಮಹಡಿ ಮನೆ, ಕೆಳಗೆ ಮಾಲೀಕರು. ನನಗೆ ನಾಲ್ಕಾಗಬಹುದಾದ ಯಂತ್ರ ಅವಳಿಗೆ ಎರಡೇ ಆಗಬಹುದು. ಹಾಗಾಗಿ ಯಾವ ಕೆಲಸಕ್ಕೆ, ಎಷ್ಟು ಪ್ರಮಾಣಕ್ಕೆ, ಎಲ್ಲಿ ತೊಂದರೆಯಾಯಿತು ಎಂದು ಬರೆದರೆ ಅವಳು ತನ್ನ ಅಂಕಿಯನ್ನು ತಾನೇ ಹಾಕಿಕೊಳ್ಳುತ್ತಾಳೆ.

ಇಷ್ಟು ಅರ್ಥವಾದ ಮೇಲೆ “ಅಕ್ಕಿ ಅಷ್ಟು ನುಣ್ಣಗಾಗುವುದಿಲ್ಲ” ಎಂಬ ವಾಕ್ಯದ ಮುಂದೆ ಕುಳಿತೆ, ಮೂರು ವಾರ ಕಳೆದವು. ಆ ವಾಕ್ಯವನ್ನು ಓದಿದವರು ಕಲ್ಲು ಸರಿಯಿಲ್ಲ ಎಂದೇ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಕಲ್ಲು ಸರಿಯಿಲ್ಲದಿದ್ದರೆ ಉದ್ದು ಹೇಗೆ ಅಷ್ಟು ಚೆನ್ನಾಗಿ ಆಗುತ್ತಿತ್ತು? ನಾಲ್ಕು ಗಂಟೆ ನೆನೆಸಿದ ಬೇಳೆಯನ್ನು ನೀರು ಚಿಮುಕಿಸುತ್ತಾ ಅರ್ಧ ಗಂಟೆ ಅರೆದು, ಒಂದು ಹನಿಯನ್ನು ಲೋಟದ ನೀರಿಗೆ ಬಿಟ್ಟರೆ ಬೆಣ್ಣೆಯಂತೆ ತೇಲುತ್ತಿತ್ತು. ಒಮ್ಮೆಯೂ ಮುಳುಗಲಿಲ್ಲ.

ಮೊದಲು ತಪ್ಪು ನನ್ನದೇ ಇರಬಹುದು ಎಂದು ನೋಡಿದೆ, ಏಕೆಂದರೆ ನನ್ನ ತಪ್ಪನ್ನು ಯಂತ್ರದ ಹೆಸರಿನಲ್ಲಿ ಬರೆಯುವುದು ಅನ್ಯಾಯ. ಅಕ್ಕಿ ನೆನೆಯುವ ಹೊತ್ತನ್ನು ನಾಲ್ಕು ಗಂಟೆಯಿಂದ ಆರಕ್ಕೆ ಏರಿಸಿದೆ, ಉಳಿದದ್ದನ್ನೆಲ್ಲ ಮೊದಲಿನಂತೆಯೇ ಇಟ್ಟೆ. ತರಿ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಮುಂದಿನ ವಾರ ಅರೆಯುವ ಹೊತ್ತನ್ನು 25 ನಿಮಿಷದಿಂದ 35ಕ್ಕೆ ಏರಿಸಿದೆ. ಹಿಟ್ಟು ಬಿಸಿಯಾಯಿತು, ತರಿ ಹಾಗೆಯೇ ಉಳಿಯಿತು. ಅದರ ಮುಂದಿನ ವಾರ ನೀರನ್ನು ಸ್ವಲ್ಪ ಹೆಚ್ಚಿಸಿದೆ. ಹಿಟ್ಟು ತೆಳ್ಳಗಾಗಿ ದೋಸೆ ಹಂಚಿನ ಮೇಲೆ ಹರಿಯಿತು, ತರಿ ಅದರಲ್ಲೂ ಇತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿದ್ದರಿಂದ, ಈ ಮೂರೂ ಮುಖ್ಯ ಕಾರಣವಲ್ಲ ಎಂದು ಖಚಿತವಾಗಿ ಹೇಳಬಲ್ಲೆ.

ಭಾನುವಾರ ಯಂತ್ರ ನಿಲ್ಲಿಸಿದ ಮೇಲೆ ಹಿಟ್ಟನ್ನು ಕಲಸದೆ, ಎರಡು ಕಡೆಯಿಂದ ಒಂದೊಂದು ಚಮಚ ತೆಗೆದೆ. ಒಂದು ಕಲ್ಲುಗಳ ಬುಡದಿಂದ, ಇನ್ನೊಂದು ಪಾತ್ರೆಯ ಒಳಗೋಡೆಯ ಮೇಲ್ಭಾಗದಿಂದ. ಎರಡನ್ನೂ ಬೇರೆಬೇರೆ ಲೋಟದ ನೀರಿನಲ್ಲಿ ಕದಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದೆ. ಬುಡದ ಹಿಟ್ಟು ಹಾಲಿನಂತೆ ಇಳಿದುಹೋಗಿ ಜರಡಿಯ ಮೇಲೆ ಏನೂ ಉಳಿಯಲಿಲ್ಲ. ಗೋಡೆಯ ಹಿಟ್ಟಿನಲ್ಲಿ ಸಣ್ಣ ರವೆಯಂಥ ತರಿ ಒಂದು ಚಿಟಿಕೆಯಷ್ಟು ಉಳಿಯಿತು. ಕಲ್ಲುಗಳು ತಮ್ಮ ಕೆಳಗೆ ಬಂದದ್ದನ್ನೆಲ್ಲ ಅರೆದಿದ್ದವು. ಗೋಡೆಗೆ ಹತ್ತಿದ್ದ ಅಕ್ಕಿ ಕಲ್ಲಿನ ಕೆಳಗೆ ಬಂದೇ ಇರಲಿಲ್ಲ.

ಗೋಡೆಯ ಹಿಟ್ಟನ್ನು ಕೆಳಗೆ ತಳ್ಳುವುದು ಸ್ಕ್ರೇಪರಿನ ಕೆಲಸ, ಅಂದರೆ ಪಕ್ಕದಲ್ಲಿ ನಿಲ್ಲುವ ಪ್ಲಾಸ್ಟಿಕ್ ಪಟ್ಟಿಯ ಕೆಲಸ. ಪಾತ್ರೆಯನ್ನು ತೊಳೆದು ಒಣಗಿಸಿ, ಆ ಪಟ್ಟಿಯನ್ನು ಕೂರಿಸಿ, ಗೋಡೆಗೂ ಅದಕ್ಕೂ ನಡುವೆ ಒಂದು ರೂಪಾಯಿಯ ನಾಣ್ಯವನ್ನು ತೂರಿಸಲು ನೋಡಿದೆ. ಬುಡದಲ್ಲಿ ನಾಣ್ಯ ಹೋಗಲಿಲ್ಲ. ಮೇಲ್ತುದಿಯಲ್ಲಿ ಸಲೀಸಾಗಿ ತೂರಿತು. ಪಾತ್ರೆ ಮೇಲಕ್ಕೆ ಹೋದಂತೆ ಸ್ವಲ್ಪ ಅಗಲವಾಗುತ್ತದೆ, ಪಟ್ಟಿ ಮಾತ್ರ ನೆಟ್ಟಗಿದೆ. ಉದ್ದಿನ ಹಿಟ್ಟು ಉಬ್ಬಿ ಮೆತ್ತಗಿರುವುದರಿಂದ ತಾನಾಗಿ ಕೆಳಗೆ ಜಾರಿ ಬರುತ್ತದೆ, ಹಾಗಾಗಿ ಅದಕ್ಕೆ ಈ ಸಂದು ಬಾಧಿಸುವುದಿಲ್ಲ. ಅಕ್ಕಿ ಹಾಗಲ್ಲ, ಗೋಡೆಗೆ ಕಚ್ಚಿ ಅಲ್ಲಿಯೇ ಗಟ್ಟಿಯಾಗುತ್ತದೆ. ಅದೇ ದಿನ ಇನ್ನೊಮ್ಮೆ ಅಕ್ಕಿ ನೆನೆಸಿ ರಾತ್ರಿ ಅರೆದೆ. ಐದು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿ, ಮರದ ಸೌಟಿನಿಂದ ಗೋಡೆಯ ಹಿಟ್ಟನ್ನು ಕೆಳಗೆ ತಳ್ಳಿದೆ. 25 ನಿಮಿಷದಲ್ಲಿ ಎರಡೂ ಚಮಚಗಳು ಜರಡಿಯಲ್ಲಿ ಪೂರ್ತಿ ಇಳಿದವು.

ಇಲ್ಲಿ ಮಾರಾಟಗಾರರ ಬಗ್ಗೆ ಒಂದು ಮಾತು ಹೇಳಲೇಬೇಕು. ಕಲ್ಲಿನ ಜೊತೆಗೆ ಪಟ್ಟಿಯ ಮೇಲೂ ಮೊದಲೇ ಸ್ವಲ್ಪ ಅನುಮಾನವಿದ್ದುದರಿಂದ ಎರಡನೆಯ ವಾರದಲ್ಲೇ ಬೇರೆ ಪಟ್ಟಿ ಕೇಳಿದ್ದೆ. ಕೊಂಡ ಅಂಗಡಿಯವರು ಸರ್ವಿಸ್ ಸೆಂಟರಿಗೆ ಹೋಗಿ ಎಂದರು, ಸರ್ವಿಸ್ ಸೆಂಟರಿನವರು ವಾರಂಟಿ ಕಾರ್ಡಿನಲ್ಲಿ ಅಂಗಡಿಯ ಸೀಲು ಇಲ್ಲ ಎಂದರು, ಸೀಲು ಹಾಕಿಸಿಕೊಂಡು ಬಂದ ಮೇಲೆ ಪಟ್ಟಿ ಬರಲು ಹನ್ನೊಂದು ದಿನ ಹಿಡಿಯಿತು. ಬಂದ ಪಟ್ಟಿಯಲ್ಲೂ ಮೇಲ್ತುದಿಯ ಸಂದು ಅಷ್ಟೇ ಇತ್ತು, ಅದರಲ್ಲೂ ನಾಣ್ಯ ತೂರಿತು. ಇದು ಕೋಪ ಬರಿಸುವ ಸಂಗತಿಯಾದರೂ ರಿವ್ಯೂಗೆ ಬಹಳ ಬೆಲೆಯುಳ್ಳದ್ದು: ಒಂದು ಪಟ್ಟಿ ಸರಿಯಿಲ್ಲದಿದ್ದರೆ ನನಗೆ ಕೆಟ್ಟ ಪಟ್ಟಿ ಬಂದಿತ್ತು ಎನ್ನಬಹುದು, ಎರಡೂ ಒಂದೇ ರೀತಿ ಇದ್ದರೆ ದೋಷ ಆಕಾರದಲ್ಲಿರುವ ಸಾಧ್ಯತೆ ಹೆಚ್ಚು. ಆದರೂ ನಾನು ನೋಡಿದ್ದು ಎರಡೇ ಪಟ್ಟಿಗಳನ್ನು. ಅದಕ್ಕೇ “ಎಲ್ಲ ಯಂತ್ರಗಳಲ್ಲೂ ಹೀಗೆ” ಎಂದು ಬರೆಯದೆ “ನನಗೆ ಬಂದ ಎರಡೂ ಪಟ್ಟಿಗಳಲ್ಲಿ” ಎಂದು ಬರೆದಿದ್ದೇನೆ.

ಸದ್ದಿನ ವಿಷಯದಲ್ಲಿಯೂ ಹೀಗೆಯೇ ತಿದ್ದಿದೆ. ಫೋನಿನ ಆ್ಯಪ್ ತೋರಿಸಿದ ಡೆಸಿಬಲ್ ಅಂಕಿಯನ್ನು ಮೊದಲು ಬರೆದಿದ್ದೆ; ಆದರೆ ನನ್ನ ಫೋನಿಗೂ ಹೆಂಡತಿಯ ಫೋನಿಗೂ ಒಂದೇ ಹೊತ್ತಿನಲ್ಲಿ ಬೇರೆಬೇರೆ ಅಂಕಿ ಬಂದಿದ್ದರಿಂದ ಅದನ್ನು ತೆಗೆದುಹಾಕಿದೆ. ಅಡುಗೆಮನೆಯ ಬಾಗಿಲು ಮುಚ್ಚಿದರೂ ಹಾಲ್‌ನಲ್ಲಿ ಟಿವಿಯ ಸದ್ದು ಏರಿಸಬೇಕಾಯಿತು ಎಂಬ ಮಾತು ಆ ಅಂಕಿಗಿಂತ ಹೆಚ್ಚು ನಂಬುವಂಥದ್ದು.

ಬಾಳಿಕೆಯ ಬಗ್ಗೆ ಏನನ್ನೂ ಬರೆಯಲಿಲ್ಲ. ಆರು ವಾರದಲ್ಲಿ ಒಂಬತ್ತು ಸಲ ಅರೆದವನಿಗೆ ಬೆಲ್ಟು ಎಷ್ಟು ವರ್ಷ ಬರುತ್ತದೆ ಎಂದು ಹೇಳುವ ಹಕ್ಕಿಲ್ಲ. ಸಾಮಾನು ಮನೆಗೆ ಎರಡು ದಿನ ತಡವಾಗಿ ಬಂದದ್ದನ್ನೂ ಬಿಟ್ಟೆ, ಅದು ಗ್ರೈಂಡರಿನ ಗುಣವಲ್ಲ. ಬಿಡಿಭಾಗಕ್ಕೆ ಹನ್ನೊಂದು ದಿನ ಕಾಯಬೇಕಾದದ್ದನ್ನು ಮಾತ್ರ ಉಳಿಸಿದೆ, ಏಕೆಂದರೆ ಪಟ್ಟಿ ಮುರಿದರೆ ಕೊಂಡವರೆಲ್ಲರೂ ಆ ದಾರಿಯಲ್ಲೇ ಹೋಗಬೇಕಾಗುತ್ತದೆ.

ಕೊನೆಗೆ ನಿಂತ ರಿವ್ಯೂ ಹೀಗಿದೆ:

“ಆರು ವಾರ, ಒಂಬತ್ತು ಸಲ ಬಳಸಿದ ಮೇಲೆ ಬರೆಯುತ್ತಿದ್ದೇನೆ. 200 ಗ್ರಾಂ ಉದ್ದು ಅರ್ಧ ಗಂಟೆಯಲ್ಲಿ ಚೆನ್ನಾಗಿ ಉಬ್ಬಿ, ನೀರಿನಲ್ಲಿ ತೇಲುವಷ್ಟು ಹಗುರಾಗುತ್ತದೆ. ಇದರಲ್ಲಿ ನನಗೆ ಯಾವ ದೂರೂ ಇಲ್ಲ. 600 ಗ್ರಾಂ ಅಕ್ಕಿ ಹಾಕಿದಾಗ, ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಗೋಡೆಯ ಹಿಟ್ಟನ್ನು ಕೈಯಾರೆ ತಳ್ಳದಿದ್ದರೆ ತರಿ ಉಳಿಯುತ್ತದೆ. ನನಗೆ ಬಂದ ಎರಡೂ ಸ್ಕ್ರೇಪರ್ ಪಟ್ಟಿಗಳು ಮೇಲ್ತುದಿಯಲ್ಲಿ ಗೋಡೆಯನ್ನು ಮುಟ್ಟುವುದಿಲ್ಲ, ಒಂದು ಸ್ಟಾರ್ ಕಳೆದದ್ದು ಇದಕ್ಕೆ. ಸದ್ದು ಮುಚ್ಚಿದ ಬಾಗಿಲಿನಾಚೆಗೂ ಕೇಳುತ್ತದೆ, ಬಿಡಿಭಾಗಕ್ಕೆ ಹನ್ನೊಂದು ದಿನ ಕಾದೆ. ಇನ್ನೊಂದು ಸ್ಟಾರ್ ಈ ಎರಡಕ್ಕೆ. ಕಲ್ಲುಗಳ ಬಗ್ಗೆ ತೃಪ್ತಿಯಿದೆ.”

ಮುಂದಿನ ಕೆಲಸವನ್ನೂ ಗೊತ್ತುಮಾಡಿಕೊಂಡಿದ್ದೇನೆ. ಮನೆಯ ಹಳೆಯ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಒಣಮೆಣಸಿನಕಾಯಿ ಪುಡಿ ಮಾಡಿ ಇದೇ ಜರಡಿಯ ಪರೀಕ್ಷೆಗೆ ಒಡ್ಡುವುದು. ಅಲ್ಲಿ ಬ್ಲೇಡಿನ ಕೆಳಗೆ ಸೇರಿಕೊಳ್ಳುವ ಪುಡಿಯ ಮೇಲೆ ನನಗೆ ಇದೇ ಬಗೆಯ ಅನುಮಾನವಿದೆ.

ಹೊಸ ರಿವ್ಯೂವನ್ನು ಅಣ್ಣನ ಮಗಳಿಗೆ ಕಳುಹಿಸಿದಾಗ ಅವಳು ಎರಡು ಪ್ರಶ್ನೆ ಕೇಳಿದಳು: 200 ಗ್ರಾಂ ಅಕ್ಕಿ ಹಾಕಿದರೆ ಹೇಗೆ, ತೊಳೆಯಲು ಪಾತ್ರೆಯನ್ನು ಹಿತ್ತಲಿನ ನಲ್ಲಿಗೆ ಒಯ್ಯಬೇಕಾದರೆ ಭಾರ ಎಷ್ಟು. ನಿನ್ನೆ ಎರಡನ್ನೂ ನೋಡಿದೆ. 200 ಗ್ರಾಂ ಅಕ್ಕಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಡೆಗೇ ಹತ್ತಿತು, ಎರಡು ನಿಮಿಷಕ್ಕೊಮ್ಮೆ ತಳ್ಳಬೇಕಾಯಿತು. ಉರುಳುವ ಕಲ್ಲುಗಳನ್ನು ತೆಗೆದ ಮೇಲೂ ಖಾಲಿ ಪಾತ್ರೆ 4 ಕಿಲೋ ತೂಗಿತು. ಈ ಎರಡು ಸಾಲುಗಳನ್ನೂ ರಿವ್ಯೂಗೆ ಸೇರಿಸಿ, ಮೂರು ಸ್ಟಾರನ್ನು ಹಾಗೆಯೇ ಉಳಿಸಿ, ಇಂದು ಬೆಳಿಗ್ಗೆ ಪ್ರಕಟಿಸಿದೆ. “ನನಗೆ ಇದು ಬ್ಯಾಡ ಬಿಡ್ರಿ ಚಿಕ್ಕಪ್ಪ, ಸಣ್ಣದು ನೋಡ್ತೀನಿ” ಎಂದು ಮಧ್ಯಾಹ್ನ ಅವಳ ಸಂದೇಶ ಬಂತು.