ಮನೆ ಬೇಕರಿಗೆ ಯಾವ ಆ್ಯಪ್ ಸಾಕು?

"ಮನೆಯಲ್ಲೇ ಕೇಕ್ ಮಾಡಿ ಮಾರ್ತೀನಿ. ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಬಿಡುವಿಲ್ಲ, ಜಾಹೀರಾತಿಗೆ ದುಡ್ಡಿಲ್ಲ. ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್, ಇದರಲ್ಲಿ ಯಾವುದು ಹಿಡೀಲಿ?"

ವಾಟ್ಸಾಪ್ ಬಿಸಿನೆಸ್ ಹಿಡಿಯಿರಿ. ಪಕ್ಕದಲ್ಲಿ ಇನ್‌ಸ್ಟಾಗ್ರಾಂ ಒಂದು ಶೋಕೇಸ್ ಆಗಿ ಇರಲಿ. ಉಳಿದೆರಡನ್ನು ಸದ್ಯಕ್ಕೆ ಬಿಡಿ.

ಕೇಕ್ ದೂರ ಹೋಗುವ ಸರಕಲ್ಲ. ನಿಮ್ಮ ರೀಲ್ಸನ್ನು ಸಾವಿರಾರು ಜನ ನೋಡಿದರೂ, ತಲುಪಿಸಬಹುದಾದ ದೂರದಲ್ಲಿ ಇಲ್ಲದವರ ಲೈಕಿನಿಂದ ಒಲೆ ಉರಿಯುವುದಿಲ್ಲ. ಒಮ್ಮೆ ತಿಂದವರು ಮುಂದಿನ ಹುಟ್ಟುಹಬ್ಬಕ್ಕೂ ನಿಮ್ಮನ್ನೇ ಕೇಳಬೇಕು, ಇನ್ನೊಬ್ಬರಿಗೆ ನಂಬರ್ ಕೊಡಬೇಕು. ಅದು ನಡೆಯುವುದು ವಾಟ್ಸಾಪಿನಲ್ಲಿ.

ಮೊದಲು ಕ್ಯಾಟಲಾಗ್‌ಗೆ ಆರೇಳು ಬಗೆ ಮಾತ್ರ ಹಾಕಿ, ತೂಕ ಮತ್ತು ಬೆಲೆ ಸಹಿತ. ಮೂವತ್ತು ಬಗೆ ಹಾಕಿದರೆ ಗಿರಾಕಿ ಆರಿಸಲಾರದೆ ಮತ್ತೆ ನಿಮ್ಮನ್ನೇ ಕೇಳುತ್ತಾರೆ, ಸಮಯ ಸೋರುವುದೇ ಅಲ್ಲಿ. ಆಮೇಲೆ ಕ್ವಿಕ್ ರಿಪ್ಲೈನಲ್ಲಿ ಒಂದೇ ಸಂದೇಶ ಉಳಿಸಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ತೂಕ, ಮೊಟ್ಟೆ ಬೇಕೋ ಬೇಡವೋ, ಯಾವುದಾದರೂ ಅಲರ್ಜಿ ಇದೆಯೇ, ಕೇಕಿನ ಮೇಲೆ ಏನು ಬರೆಯಬೇಕು. ಅದಕ್ಕೆ `/order` ಎಂದು ಶಾರ್ಟ್‌ಕಟ್ ಕೊಟ್ಟರೆ, ಹತ್ತು ಮೆಸೇಜುಗಳ ಮಾತುಕತೆ ಎರಡಕ್ಕೆ ಇಳಿಯುತ್ತದೆ. ಕೈಯೆಲ್ಲ ಹಿಟ್ಟಾಗಿರುವ ಹೊತ್ತಿಗೆ ತಾನಾಗಿಯೇ ಉತ್ತರ ಹೋಗುವಂತೆ "Away message" ಹಾಕಿಡಿ; ಅದರಲ್ಲಿ "48 ಗಂಟೆ ಮೊದಲೇ ಹೇಳಿ" ಎಂಬ ಸಾಲು ಇರಲಿ.

ಬಹಳ ಜನ ಎಡವುವುದು ಬ್ರಾಡ್‌ಕಾಸ್ಟ್‌ನಲ್ಲಿ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು ನಿಜ, ಆದರೆ ನಿಮ್ಮ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. "ಕಳಿಸಿದೆ, ಯಾರೂ ಉತ್ತರಿಸಲಿಲ್ಲ" ಎಂದು ಬೇಸರಪಡುವ ಮೊದಲು ಆ ಸಂದೇಶದ ಮಾಹಿತಿ ತೆರೆದು, ಯಾರ್ಯಾರಿಗೆ ತಲುಪಿದೆ ನೋಡಿ. ಪರಿಹಾರ ಡಬ್ಬದ ಮೇಲಿದೆ: ನಂಬರಿನ ಜೊತೆ "ಸೇವ್ ಮಾಡಿಕೊಳ್ಳಿ, ವಾರದ ಪಟ್ಟಿ ಕಳಿಸುತ್ತೇವೆ" ಎಂದು ಚೀಟಿ ಅಂಟಿಸಿ. ವಾರಕ್ಕೆ ಒಂದಕ್ಕಿಂತ ಹೆಚ್ಚು ಕಳಿಸಬೇಡಿ, ಬ್ಲಾಕ್ ಮಾಡುತ್ತಾರೆ.

ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಇದಕ್ಕೇ ಹೋಗಲಿ. ಮಿಕ್ಕ ಅರ್ಧ ಗಂಟೆಯಲ್ಲಿ ಕಿಟಕಿಯ ಬೆಳಕಲ್ಲಿ ತೆಗೆದ ಎರಡು ಫೋಟೊ, ಕತ್ತರಿಸಿದ ಕೇಕಿನ ಒಳಪದರ ಕಾಣುವ ಒಂದು ಚಿಕ್ಕ ವಿಡಿಯೊ ಇನ್‌ಸ್ಟಾಗ್ರಾಂಗೆ. ಬೆಲೆಪಟ್ಟಿಯ ಪೋಸ್ಟನ್ನು ಮೇಲೆ ಪಿನ್ ಮಾಡಿ. ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಬಯೋದಲ್ಲಿ ಹೀಗೆ ಹಾಕಿ:

```
https://wa.me/NUMBER?text=Insta
```

NUMBER ಇರುವಲ್ಲಿ ದೇಶದ ಕೋಡ್ ಸೇರಿಸಿ ನಿಮ್ಮ ಸಂಖ್ಯೆ ಬರಬೇಕು, + ಚಿಹ್ನೆಯಾಗಲಿ ಮೊದಲಿಗೆ ಸೊನ್ನೆಯಾಗಲಿ ಬೇಡ. ಆ ಲಿಂಕಿನಿಂದ ಬಂದವರ ಚಾಟಿನಲ್ಲಿ "Insta" ಎಂಬ ಪದ ಮೊದಲೇ ತುಂಬಿರುತ್ತದೆ. ಕೆಲವರು ಅಳಿಸಿಬಿಡುತ್ತಾರೆ, ಅಡ್ಡಿಯಿಲ್ಲ. ಹಾಗೆ ಬಂದವರಿಗೆ ಒಂದು ಲೇಬಲ್ ಹಾಕುತ್ತ ಹೋಗಿ. ಎರಡು ತಿಂಗಳಲ್ಲಿ ಅಲ್ಲಿಂದ ಒಂದೆರಡು ಆರ್ಡರ್ ಕೂಡ ಬರದಿದ್ದರೆ ಆ ಅರ್ಧ ಗಂಟೆಯನ್ನೂ ವಾಟ್ಸಾಪಿಗೇ ಕೊಡಿ.