ಅಂಕೋಲೆಯ ಮಾಸ್ತರರು ಕೇಳಿದ್ದು

"ಕಾರವಾರದ ಎರಡನೇ ಟೀಮು ಪ್ರತಿ ಸಲ ನಮ್ಮ ಗ್ರೂಪಿಗೇ ಎಂತಕ್ಕೆ ಬರ್ತದೆ ಮಾರಾಯಾ?"

ಭಾನುವಾರ ಸಂಜೆ ಅಂಕೋಲೆಯ ಮಾಸ್ತರರು ಕೇಳಿದ ಮಾತಿದು. ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ನಮ್ಮ ವಾಲಿಬಾಲ್ ಪಂದ್ಯಾವಳಿಗೆ ಹನ್ನೆರಡು ಟೀಮು, ನಾಲ್ಕು ಗ್ರೂಪು, ಮೂರು ಸ್ಟೀಲ್ ಡಬ್ಬ. ಮೊದಲ ಡಬ್ಬದ ಟೀಮುಗಳಿಗೆ ಚೀಟಿ ಎತ್ತೋದಿಲ್ಲ. ಆತಿಥೇಯರು ಅಂತ ಕಾರವಾರ ಎ ಗ್ರೂಪಿಗೆ. ಆಮೇಲೆ ಹೆದ್ದಾರಿಯಲ್ಲಿ ಊರು ಬಂದ ಹಾಗೆ ಅಂಕೋಲಾ ಬಿ, ಕುಮಟಾ ಸಿ. ಘಟ್ಟದ ಮೇಲಿನ ಶಿರಸಿ ಡಿ. ಇದನ್ನು ಯಾರೂ ನಿರ್ಧಾರ ಮಾಡಿದ್ದಲ್ಲ, ಹಾಗೇ ನಡೆದುಕೊಂಡು ಬಂದಿದೆ. ಎರಡನೇ ಡಬ್ಬದಲ್ಲಿ ಹೊನ್ನಾವರ, ಭಟ್ಕಳ, ಯಲ್ಲಾಪುರ, ಜೊತೆಗೆ ಕಾರವಾರದ ಎರಡನೇ ಟೀಮು. ಮೂರನೆಯದರಲ್ಲಿ ಸಿದ್ದಾಪುರ, ಹಳಿಯಾಳ, ಮುಂಡಗೋಡ, ಶಿರಸಿಯ ಎರಡನೇ ಟೀಮು. ಈ ಎರಡು ಡಬ್ಬದಿಂದ ಎತ್ತಿದ ಚೀಟಿ ಎ, ಬಿ, ಸಿ, ಡಿ ಕ್ರಮದಲ್ಲಿ ಗ್ರೂಪಿಗೊಂದು. ಷರತ್ತು ಒಂದೇ. ಒಂದೇ ತಾಲೂಕಿನ ಎರಡು ಟೀಮು ಒಂದು ಗ್ರೂಪಿನಲ್ಲಿ ಇರಬಾರದು.

ಚೀಟಿ ಎತ್ತಲು ಒಬ್ಬ ಪುಟ್ಟ ಹುಡುಗನ ಕಣ್ಣಿಗೆ ಟವೆಲ್ ಕಟ್ಟಿದ್ದೆವು. ಕಾರ್ಯದರ್ಶಿಗೆ ಆ ಟವೆಲ್ ಮೇಲೆ ಅಪಾರ ನಂಬಿಕೆ. ಕಣ್ಣು ಕಟ್ಟಿದ್ದೇವಲ್ಲ, ಇನ್ನೇನು ಅನುಮಾನ ಅಂತ. ಒಳ್ಳೆಯ ಮನುಷ್ಯ, ಆದರೆ ಪಂದ್ಯಾವಳಿ ನಡೆಸೋದೂ ಮದುವೆ ಊಟ ಬಡಿಸೋದೂ ಅವನಿಗೆ ಒಂದೇ. ಎಲೆ ಖಾಲಿ ಇರಬಾರದು, ಅಷ್ಟೇ.

ಎರಡನೇ ಡಬ್ಬದಿಂದ ಮೊದಲು ಬಂದ ಚೀಟಿಯೇ ಕಾರವಾರದ್ದು. ಎ ಗ್ರೂಪಿನಲ್ಲಿ ಕಾರವಾರ ಆಗಲೇ ಇದೆ. ಹಾಗಾಗಿ ಮುಂದಿನ ಬಿ ಗ್ರೂಪಿಗೆ ಹೋಯಿತು. ಬೋರ್ಡಿನ ಮೇಲೆ ಚಾಕ್‌ನಲ್ಲಿ ಬರೆದವನು ನಾನೇ. ಮಾಸ್ತರರು ಎದ್ದು ಆ ಪ್ರಶ್ನೆ ಕೇಳಿದ್ದು ಆಗಲೇ. ನಾಲ್ಕು ವರ್ಷದಲ್ಲಿ ಇದು ಮೂರನೇ ಸಲವಂತೆ. "ಚೀಟಿ ಅಲ್ವಾ ಮಾಸ್ತರ್ರೇ, ನಾವೆಂತ ಮಾಡೋದು" ಅಂದೆ. ಅವರು ಸುಮ್ನೆ ಕೂತರು. ಸ್ವಲ್ಪ ಗೊಣಗುವ ಸ್ವಭಾವ ಅವರದು, ಹೋದ ವರ್ಷ ನೆಟ್ಟಿನ ಎತ್ತರದ ಬಗ್ಗೆ ಅರ್ಧ ಗಂಟೆ ಮಾತಾಡಿದ್ದರು. ಇದೂ ಹಾಗೇ ಅಂದುಕೊಂಡೆ.

ಮೂರನೇ ಡಬ್ಬದಲ್ಲಿ ಇನ್ನೊಂದು ಪಜೀತಿ ಆಯಿತು. ಸಿದ್ದಾಪುರ ಎ, ಹಳಿಯಾಳ ಬಿ, ಮುಂಡಗೋಡ ಸಿ. ಉಳಿದ ಚೀಟಿ ಶಿರಸಿ, ಉಳಿದ ಜಾಗ ಡಿ. ಅಲ್ಲಿ ಶಿರಸಿಯೇ ಕೂತಿದೆ! ಎಲ್ಲರೂ ಬೋರ್ಡ್ ನೋಡಿದರು. ಕಾರ್ಯದರ್ಶಿ ಎದ್ದು ಮುಂಡಗೋಡವನ್ನು ಡಿಗೆ, ಶಿರಸಿಯನ್ನು ಸಿಗೆ ಅದಲು ಬದಲು ಮಾಡಿದ. ಚಪ್ಪಾಳೆ ಬಿತ್ತು. ಚಹಾ ಬಂತು.

ರಾತ್ರಿ ನಿದ್ದೆ ಬರಲಿಲ್ಲ. ಮಾಸ್ತರರ "ಎಂತಕ್ಕೆ" ಕಿವಿಯಲ್ಲೇ ಇತ್ತು. ಎದ್ದು ನಾಲ್ಕು ಬೆಂಕಿಕಡ್ಡಿ ತಗೊಂಡೆ. ಒಂದರ ತಲೆ ಸುಟ್ಟೆ, ಅದು ಕಾರವಾರದ ಎರಡನೇ ಟೀಮು. ಅದು ಮೊದಲು ಬಂದರೆ ಎ ಆಗಲ್ಲ, ಬಿಗೆ ಹೋಗುತ್ತದೆ. ಎರಡನೆಯದಾಗಿ ಬಂದರೆ? ಎ ಅಷ್ಟರಲ್ಲಿ ತುಂಬಿರುತ್ತದೆ, ಮತ್ತೆ ಬಿಗೇ ಹೋಗುತ್ತದೆ. ಮೂರನೆಯದಾಗಿ ಬಂದರೆ ಸಿ, ಕೊನೆಗೆ ಬಂದರೆ ಡಿ.

ಅಲ್ಲೇ ಇತ್ತು ಉತ್ತರ. ನಾಲ್ಕರಲ್ಲಿ ಎರಡು ದಾರಿ ಬಿಗೆ, ಒಂದು ಸಿಗೆ, ಒಂದು ಡಿಗೆ. ನ್ಯಾಯವಾಗಿ ಮೂರು ಗ್ರೂಪಿಗೂ ಮೂರರಲ್ಲಿ ಒಂದು ಪಾಲು ಬರಬೇಕು. ಅಂಕೋಲೆಗೆ ಅರ್ಧಕ್ಕರ್ಧ ಬೀಳುತ್ತಿದೆ, ಅದೂ ಪ್ರತಿ ವರ್ಷ. ಹುಡುಗನ ಕೈಯಲ್ಲಿ ಮೋಸ ಇಲ್ಲ. ಚೀಟಿ ಎತ್ತೋದು ಸರಿಯಾಗೇ ಇದೆ, ಎತ್ತಿದ ಚೀಟಿ ಇಡೋ ಕ್ರಮದಲ್ಲಿ ಓರೆ ಇದೆ. ಟವೆಲ್ ಕಟ್ಟಬೇಕಾಗಿದ್ದು ಹುಡುಗನಿಗಲ್ಲ.

ಹಾಗಂತ ಮಾಸ್ತರರ ಲೆಕ್ಕ ಸಾಕ್ಷಿಯಾಗುವುದಿಲ್ಲ. ಸರಿಯಾದ ಡ್ರಾದಲ್ಲೂ ನಾಲ್ಕು ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಅಂಕೋಲೆಯ ಪಾಲಿಗೇ ಬರುವ ಸಾಧ್ಯತೆ ಒಂಬತ್ತರಲ್ಲಿ ಒಂದು. ಅಷ್ಟೇನೂ ಅಪರೂಪವಲ್ಲ. ಫಲಿತಾಂಶ ನೋಡಿ ಓರೆ ಹಿಡಿಯೋಕೆ ಹತ್ತಾರು ವರ್ಷ ಬೇಕು. ನಿಯಮ ನೋಡಿದರೆ ನಾಲ್ಕು ಬೆಂಕಿಕಡ್ಡಿ ಸಾಕು.

ಶಿರಸಿಯದನ್ನೂ ನೋಡಿದೆ. ಅದು ಮೊದಲು ಬಂದರೆ ಎ, ಎರಡನೆಯದಾದರೆ ಬಿ, ಮೂರನೆಯದಾದರೆ ಸಿ. ಕೊನೆಗೆ ಬಂದರೆ ಕಾರ್ಯದರ್ಶಿಯ ಅದಲು ಬದಲು, ಅಂದರೆ ಮತ್ತೆ ಸಿ. ಕುಮಟೆಗೂ ಅರ್ಧ ಬಿತ್ತು. ಕುಮಟೆಯವರು ಇನ್ನೂ ಕೇಳಿಲ್ಲ, ಅಷ್ಟೇ.

ನಾವು ಮಾತ್ರ ದಡ್ಡರು ಅಂದುಕೊಳ್ಳಬೇಡಿ. 2022ರ ಫುಟ್ಬಾಲ್ ವಿಶ್ವಕಪ್ಪಿಗೆ ದೋಹಾದಲ್ಲಿ ಡ್ರಾ ನಡೆದಾಗಲೂ ಆತಿಥೇಯ ಕತಾರ್ ಎ ಗ್ರೂಪಿನಲ್ಲೇ ಇತ್ತು. ಯುರೋಪಿನ ಟೀಮು ಒಂದು ಗ್ರೂಪಿನಲ್ಲಿ ಎರಡಕ್ಕಿಂತ ಹೆಚ್ಚಿರಬಾರದು, ಬೇರೆ ಯಾವ ಪ್ರದೇಶದ್ದೂ ಒಂದಕ್ಕಿಂತ ಹೆಚ್ಚಿರಬಾರದು. ಚೆಂಡು ಎತ್ತಿದ ಮೇಲೆ ಅಕ್ಷರದ ಕ್ರಮದಲ್ಲಿ ಮೊದಲು ಸಲ್ಲುವ ಗ್ರೂಪಿಗೆ ಹಾಕುತ್ತಾರೆ. ಮುಂದೆ ಎಲ್ಲೂ ಸಿಕ್ಕಿಹಾಕಿಕೊಳ್ಳದ ಹಾಗೆ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನಮ್ಮ ಕಾರ್ಯದರ್ಶಿ ಕೊನೆಗೆ ಎದ್ದು ಮಾಡಿದ್ದನ್ನು ಅದು ಮೊದಲೇ ಮಾಡುತ್ತದೆ. ಹೀಗೆ ಮಾಡಿದರೆ ನಿಯಮಕ್ಕೆ ಒಪ್ಪುವ ಎಲ್ಲ ಜೋಡಣೆಗಳಿಗೂ ಸಮಾನ ಅವಕಾಶ ಸಿಗೋದಿಲ್ಲ ಅಂತ ರಾಬರ್ಟ್ಸ್, ರೋಸೆಂಥಾಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ.

ಸೋಮವಾರ ಕಾರ್ಯದರ್ಶಿಗೆ ಫೋನ್ ಮಾಡಿದೆ. ಮುಂದಿನ ವರ್ಷದಿಂದ ಒಂದು ಡಬ್ಬದ ನಾಲ್ಕೂ ಚೀಟಿ ಎತ್ತಿ, ಷರತ್ತು ನೋಡದೆ ಎ, ಬಿ, ಸಿ, ಡಿ ಅಂತ ಇಡೋಣ ಅಂದೆ. ಒಂದೇ ತಾಲೂಕಿನವರು ಒಟ್ಟಿಗೆ ಬಂದರೆ ನಾಲ್ಕನ್ನೂ ವಾಪಸ್ ಹಾಕಿ ಮೊದಲಿನಿಂದ ಎತ್ತೋದು. ನಾಲ್ಕು ಚೀಟಿ ಬರಬಹುದಾದ ಕ್ರಮ ಇಪ್ಪತ್ನಾಲ್ಕು. ಕಾರವಾರ ಎಗೆ ಬರುವ ಆರು ಹೋದರೆ ಉಳಿದದ್ದು ಹದಿನೆಂಟು. ಬಿ, ಸಿ, ಡಿ ಮೂರಕ್ಕೂ ಆರಾರು.

"ಮತ್ತೆ ಮತ್ತೆ ಎತ್ತಿದ್ರೆ ಜನ ಎದ್ದು ಹೋಗ್ತಾರೋ. ಕಾರವಾರದ ಚೀಟಿಗೆ ಮಾತ್ರ ಮೊದಲೇ ಬಿ, ಸಿ, ಡಿ ಮೂರರಲ್ಲಿ ಒಂದು ಎತ್ತಿಬಿಡೋಣ" ಅಂದ ಅವನು.

ಊಟ ಬಡಿಸುವವನು ಅಂದುಕೊಂಡಿದ್ದೆನಲ್ಲ, ಒಳ್ಳೆಯ ಉಪಾಯವನ್ನೇ ಹೇಳಿದ. ಒಂದು ಡಬ್ಬದಲ್ಲಿ ಷರತ್ತಿನ ಟೀಮು ಒಂದೇ ಇದ್ದರೆ ಅದು ಪೂರಾ ಸರಿ. ಕಾರವಾರ, ಶಿರಸಿ ಎರಡೂ ಒಂದೇ ಡಬ್ಬಕ್ಕೆ ಬಂದ ವರ್ಷ ಮಾತ್ರ ಕೈ ಕೊಡುತ್ತದೆ. ಆಗ ಸರಿಯಾದ ಜೋಡಣೆ ಹದಿನಾಲ್ಕು. ಕಾರವಾರ ಡಿಗೆ ಹೋದವು ಆರು, ಬಿಗೆ ಮತ್ತು ಸಿಗೆ ಹೋದವು ನಾಲ್ಕು ನಾಲ್ಕು. ಶಿರಸಿಗೆ ಹೇಗೂ ಬೇಡದ ಜಾಗ ಡಿ. ಕಾರವಾರ ಅಲ್ಲಿ ಕೂತರೆ ಶಿರಸಿಗೆ ಮೂರೂ ಜಾಗ ಖಾಲಿ ಸಿಗುತ್ತವೆ. ಮೊದಲೇ ಮೂರು ಸಮಪಾಲು ಮಾಡಿದರೆ ಆ ಲೆಕ್ಕ ತಪ್ಪುತ್ತದೆ. ಅಂಥ ವರ್ಷ ಎಲ್ಲ ವಾಪಸ್ ಹಾಕಿ ಎತ್ತೋದೇ ಸರಿ. ಸರಾಸರಿ ಎರಡು ಸಲದೊಳಗೆ ಮುಗಿಯುತ್ತದೆ.

ಕೊನೆಗೆ ಮಾಸ್ತರರಿಗೆ ಫೋನ್ ಮಾಡಿದೆ. ಬೆಂಕಿಕಡ್ಡಿ ಲೆಕ್ಕ ಪೂರ್ತಿ ಕೇಳಿಸಿಕೊಂಡರು. "ಹಾಗಾದ್ರೆ ಈ ಸಲದ್ದು?" ಅಂದರು.

2021ರ ಡಿಸೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್ ಡ್ರಾ ಅದೇ ದಿನ ರದ್ದು ಮಾಡಿ ಮತ್ತೆ ಎತ್ತಿದ್ದರು. ಆದರೆ ಅಲ್ಲಿ ತಂತ್ರಾಂಶ ತಪ್ಪಿ, ಒಂದು ಡ್ರಾದಲ್ಲಿ ಇರಲೇಬೇಕಾದ ಮ್ಯಾಂಚೆಸ್ಟರ್ ಯುನೈಟೆಡ್ ಚೆಂಡು ಬಿಟ್ಟುಹೋಗಿತ್ತು. ನಮ್ಮಲ್ಲಿ ಎಲ್ಲವೂ ನಿಯಮದಂತೆಯೇ ನಡೆದಿದೆ. ಈಗ ಬಂದ ಫಲ ಇಷ್ಟವಾಗಲಿಲ್ಲ ಅಂತ ಮತ್ತೆ ಎತ್ತಿದರೆ ಹೊನ್ನಾವರದವರು ಸುಮ್ಮನಿರುತ್ತಾರಾ? ಇದನ್ನೇ ಮಾಸ್ತರರಿಗೆ ಹೇಳಿದೆ. ಹೇಳುವಾಗ ನನಗೇ ಸರಿ ಅನಿಸಲಿಲ್ಲ.

"ಅಡ್ಡಿಲ್ಲ ಮಾರಾಯಾ" ಅಂದರು ಅವರು. "ಶನಿವಾರ ನೆಟ್ಟಿನ ಎತ್ತರ ಆದ್ರೂ ಸರಿ ನೋಡ್ಕೋ."