ಆಟೋದಲ್ಲಿ ಕೂತ ಹಾರ್ಮೋನು, ರಸ್ತೆಯಲ್ಲಿ ನಿಂತ ಹಾರ್ಮೋನು

ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ಟೆಕ್ನೀಷಿಯನ್ ಆಗಿ ಸೇರಿ ಆಗಿನ್ನೂ ಎರಡು ವರ್ಷವಾಗಿತ್ತು. ಒಂದು ಸಂಜೆ ಮಾಯಕೊಂಡದ ಕಡೆಯ ಗಂಡ ಹೆಂಡತಿ ರಿಪೋರ್ಟ್ ತಗೊಳ್ಳಲು ಬಂದರು. ಆಕೆ ಐದು ತಿಂಗಳ ಬಸುರಿ. ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಟಿಎಸ್‌ಎಚ್ 1.9, ಅದು ಸರಿಯಾಗಿಯೇ ಇತ್ತು. ಆ ಗ್ರಂಥಿ ಬಿಡುವ ಹಾರ್ಮೋನು ಟಿ4, ಅದರ ಟೋಟಲ್ ಮಾತ್ರ 13.6 ಮೈಕ್ರೋಗ್ರಾಂ. ನಮ್ಮ ಹಾಳೆಯಲ್ಲಿ ಅಚ್ಚಾಗಿದ್ದ ನಾರ್ಮಲ್ 5ರಿಂದ 12. ಪಕ್ಕದಲ್ಲಿ ಕಂಪ್ಯೂಟರೇ H ಅಂತ ಹಾಕಿತ್ತು.

"ಏನಾದ್ರೂ ತೊಂದ್ರೆ ಐತಾ ಸರ್?" ಅಂತ ಗಂಡ ಕೇಳಿದ. ಡಾಕ್ಟರಿಗೆ ತೋರಿಸಿ ಅಂದು ಸುಮ್ಮನಾಗಬೇಕಿತ್ತು. ನಾನು ಬುದ್ಧಿವಂತನ ಹಾಗೆ, "ಥೈರಾಯ್ಡ್ ಜಾಸ್ತಿ ಕಾಣ್ತಿದೆ" ಅಂದುಬಿಟ್ಟೆ.

ಅವರು ಡಾಕ್ಟರ ಹತ್ತಿರ ಹೋಗಿದ್ದು ಒಂದು ವಾರ ಬಿಟ್ಟು. ಆ ವಾರದಲ್ಲಿ ಮನೆಯಲ್ಲಿ ಯಾರೋ "ಅಯೋಡಿನ್‌ನಿಂದಲೇ ಥೈರಾಯ್ಡ್ ಏರೋದು" ಅಂದರಂತೆ. ಪ್ಯಾಕೆಟ್ ಉಪ್ಪು ಬಿಟ್ಟು ಕಲ್ಲುಪ್ಪು ಹಾಕಲು ಶುರು ಮಾಡಿದ್ದರು. ಹೊಟ್ಟೆಯಲ್ಲಿ ಕೂಸು ಇರುವಾಗ ಅಯೋಡಿನ್ ಜಾಸ್ತಿಯೇ ಬೇಕು! ಡಾಕ್ಟರು ಫೋನ್ ಮಾಡಿ ನಮ್ಮ ಪೆಥಾಲಜಿಸ್ಟ್ ಮೇಡಂಗೆ, "ನಿಮ್ಮ ಹುಡುಗ ಯಾರ್ರೀ ಅದು?" ಅಂದರು.

ಮೇಡಂ ಬೈಯಲಿಲ್ಲ. ಕಿಟಕಿಯಿಂದ ಕೆಳಗೆ ನೋಡು ಅಂದರು. ಪಿ.ಬಿ. ರಸ್ತೆಯಲ್ಲಿ ಆಟೋಗಳು ಓಡಾಡುತ್ತಿದ್ದವು.

"ಪ್ರತಿ ಆಟೋದಲ್ಲೂ ಒಂದೇ ಸೀಟು ಅಂದುಕೊ. ಜನ ಹತ್ತುತ್ತಿರ್ತಾರೆ, ಇಳೀತಿರ್ತಾರೆ. ಅಂಗಡಿ ಒಳಗೆ ಹೋಗಕ್ಕೆ ಆಗೋದು ಯಾರಿಗೆ?"

"ಇಳಿದು ರಸ್ತೆ ಮೇಲೆ ಇರೋರಿಗೆ."

"ಆಟೋ ಅಂದ್ರೆ ರಕ್ತದಲ್ಲಿರೋ ಪ್ರೋಟೀನ್, ಅಂಗಡಿ ಅಂದ್ರೆ ಜೀವಕೋಶ. ರಸ್ತೆ ಮೇಲಿರೋರೇ ಫ್ರೀ ಟಿ4. ಆಟೋದಲ್ಲಿ ಕೂತಿರೋರನ್ನೂ ಸೇರಿಸಿ ಎಣಿಸಿದ್ರೆ ಟೋಟಲ್. ನೀನು ಎಣಿಸಿದ್ದು ಟೋಟಲ್, ಹೇಳಿದ್ದು ಫ್ರೀ ಬಗ್ಗೆ."

ಇದನ್ನು ಆಮೇಲೆ ನಾನೇ ಕೂತು ಲೆಕ್ಕ ಹಾಕಿದೆ. ಸಾಮಾನ್ಯವಾಗಿ ಟೋಟಲ್ ಟಿ4 ಒಂದು ಡೆಸಿಲೀಟರಿಗೆ 8 ಮೈಕ್ರೋಗ್ರಾಂ ಇದ್ದರೆ, ಫ್ರೀ ಟಿ4 ಇರುವುದು ಸುಮಾರು 1.5 ನ್ಯಾನೋಗ್ರಾಂ. ಎರಡರ ಅಳತೆ ಬೇರೆ ಎಂಬುದನ್ನು ರಿಪೋರ್ಟ್ ಓದುವಾಗ ಯಾರೂ ಗಮನಿಸುವುದಿಲ್ಲ. 8 ಮೈಕ್ರೋಗ್ರಾಂ ಅಂದರೆ 8000 ನ್ಯಾನೋಗ್ರಾಂ. ಐದು ಸಾವಿರ ಟಿ4 ಕಣಗಳಲ್ಲಿ ರಸ್ತೆಯಲ್ಲಿ ನಿಂತಿರುವುದು ಹೆಚ್ಚೂಕಡಿಮೆ ಒಂದೇ ಒಂದು. ಉಳಿದ ಎಲ್ಲವೂ ಆಟೋದಲ್ಲಿ.

ಆಟೋಗಳಲ್ಲಿ ಮುಖ್ಯವಾದದ್ದು ಲಿವರ್ ತಯಾರಿಸುವ ಟಿಬಿಜಿ ಎಂಬ ಪ್ರೋಟೀನ್. ಒಂದು ಟಿಬಿಜಿಯಲ್ಲಿ ನಿಜಕ್ಕೂ ಒಂದೇ ಟಿ4ಗೆ ಜಾಗ. ನೂರರಲ್ಲಿ ಸುಮಾರು 70 ಟಿ4 ಇದರಲ್ಲೇ ಕೂತಿರುತ್ತವೆ. ಉಳಿದವು ಟ್ರಾನ್ಸ್‌ಥೈರೆಟಿನ್ ಮತ್ತು ಅಲ್ಬುಮಿನ್‌ನಲ್ಲಿ. ಟಿಬಿಜಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅಲ್ಬುಮಿನ್‌ದು ಸಡಿಲ ಹಿಡಿತ.

ಇಷ್ಟೊಂದನ್ನು ಕಟ್ಟಿಟ್ಟುಕೊಳ್ಳುವುದು ಯಾಕೆ ಅಂತ ನನಗೆ ಆಗ ಅರ್ಥವಾಗಿರಲಿಲ್ಲ. ಬರೀ ಸ್ಟಾಕ್ ಇರಲಿ ಅಂತ ಎಂದುಕೊಂಡಿದ್ದೆ. ಸ್ಟಾಕ್ ಹೌದು. ಕಟ್ಟಿಟ್ಟಿರುವುದರಿಂದಲೇ ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಥೈರಾಯ್ಡ್ ಮಾತ್ರೆ ದಿನಕ್ಕೆ ಒಂದೇ ಸಲ ನುಂಗಿದರೂ ನಡೆಯುವುದು ಅದಕ್ಕೇ. ಥೈರಾಯ್ಡ್‌ನ ಇನ್ನೊಂದು ಹಾರ್ಮೋನು ಟಿ3 ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ, ಅದು ಸುಮಾರು ಒಂದು ದಿನದಲ್ಲೇ ಅರ್ಧವಾಗುತ್ತದೆ.

ಆದರೆ ನನಗೆ ತುಂಬ ಹಿಡಿಸಿದ್ದು ಇನ್ನೊಂದು ಕಾರಣ. ಟಿ4 ನೀರಿಗಿಂತ ಜಿಡ್ಡನ್ನು ಇಷ್ಟಪಡುವ ಕಣ. ಸಿಕ್ಕ ಮೊದಲ ಜೀವಕೋಶಕ್ಕೇ ಹೊಕ್ಕಿಬಿಡುತ್ತದೆ. 1987ರಲ್ಲಿ ಇಲಿಯ ಲಿವರ್ ಇಟ್ಟುಕೊಂಡು ಇದನ್ನು ನೋಡಿದರು. ಪ್ರೋಟೀನ್ ಇಲ್ಲದ ದ್ರಾವಣದಲ್ಲಿ ಟಿ4 ಹರಿಸಿದಾಗ, ಬಾಗಿಲಲ್ಲೇ ಇದ್ದ ಜೀವಕೋಶಗಳು ಹೆಚ್ಚೂಕಡಿಮೆ ಎಲ್ಲವನ್ನೂ ಹೀರಿಕೊಂಡವು. ಒಳಗಿನವಕ್ಕೆ ಏನೂ ಮುಟ್ಟಲಿಲ್ಲ. ಕಟ್ಟಿಹಾಕುವ ಪ್ರೋಟೀನ್ ಸೇರಿಸಿ ಹರಿಸಿದಾಗ ಎಲ್ಲ ಜೀವಕೋಶಗಳಿಗೂ ಸಮನಾಗಿ ಹಂಚಿಕೆಯಾಯಿತು. ನಮ್ಮ ಕಡೆ ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ತೂಬು ಪೂರ್ತಿ ಎತ್ತಿಕೊಂಡರೆ ಕೆಳಗಿನ ಗದ್ದೆಗೆ ನೀರೆಲ್ಲಿಂದ ಬರಬೇಕು? ರಕ್ತದಲ್ಲಿ ಆ ತೂಬನ್ನು ಹಿಡಿದಿರುವುದು ಈ ಪ್ರೋಟೀನ್‌ಗಳು.

ಈಗ ಮಾಯಕೊಂಡದ ಆ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಬಸುರಿಯಲ್ಲಿ ಈಸ್ಟ್ರೋಜೆನ್ ಏರುತ್ತದೆ. ಅದರಿಂದ ಟಿಬಿಜಿಯ ಮೇಲಿನ ಸಕ್ಕರೆಯ ಹೊದಿಕೆ ಬದಲಾಗಿ, ಅದು ರಕ್ತದಿಂದ ಬೇಗ ಖಾಲಿಯಾಗುವುದಿಲ್ಲ. ಟಿಬಿಜಿ ಎರಡು ಪಟ್ಟು, ಕೆಲವರಲ್ಲಿ ಇನ್ನೂ ಜಾಸ್ತಿ ಆಗುತ್ತದೆ. ಅಂದರೆ ಊರಲ್ಲಿ ಖಾಲಿ ಆಟೋಗಳು ಜಾಸ್ತಿ.

ಲೆಕ್ಕಕ್ಕೆ ಮೊದಲು 100 ಆಟೋ ಇದ್ದವು ಎನ್ನಿ. 33 ತುಂಬಿವೆ, 67 ಖಾಲಿ. (ನಮ್ಮ ದೇಹದಲ್ಲೂ ಹತ್ತಿರ ಹತ್ತಿರ ಹೀಗೇ. ಮೂರರಲ್ಲಿ ಎರಡು ಟಿಬಿಜಿ ಖಾಲಿಯೇ ಓಡಾಡುತ್ತವೆ.) ರಸ್ತೆಯಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂಬುದು ತುಂಬಿದ ಆಟೋಗಳನ್ನು ಖಾಲಿ ಆಟೋಗಳಿಂದ ಭಾಗಿಸಿದ ಲೆಕ್ಕದಂತೆ ನಡೆಯುತ್ತದೆ. 33 ಭಾಗಿಸು 67, ಅಂದರೆ ಸುಮಾರು ಅರ್ಧ. ಈಗ ಆಟೋ 200 ಆದವು. ಜನ ಅಷ್ಟೇ ಇದ್ದರೆ 33 ತುಂಬಿವೆ, 167 ಖಾಲಿ. ಆ ಅರ್ಧ ಐದರಲ್ಲೊಂದಕ್ಕೆ ಬಿತ್ತು. ರಸ್ತೆ ಬಿಕೋ ಅನ್ನುತ್ತದೆ, ಫ್ರೀ ಟಿ4 ಇಳಿಯುತ್ತದೆ.

ಮೆದುಳಿನ ಕೆಳಗಿನ ಪಿಟ್ಯುಟರಿ ನೋಡುವುದು ರಸ್ತೆಯನ್ನು ಮಾತ್ರ, ಆಟೋ ಒಳಗೆ ಇಣುಕುವುದಿಲ್ಲ. ಜನ ಕಮ್ಮಿಯಾದರು ಅಂತ ಅದು ಟಿಎಸ್‌ಎಚ್ ಕಳಿಸಿ ಥೈರಾಯ್ಡ್‌ಗೆ ಹೇಳಿ ಇನ್ನಷ್ಟು ಟಿ4 ಬಿಡಿಸುತ್ತದೆ. 200ರಲ್ಲಿ 66 ತುಂಬಿದಾಗ ಮತ್ತೆ ಅದೇ ಅರ್ಧ. ರಸ್ತೆ ಮೊದಲಿನಂತೆ, ಟೋಟಲ್ ಮಾತ್ರ ಎಷ್ಟೋ ಜಾಸ್ತಿ. ಇದೆಲ್ಲ ಒಂದೇ ದಿನದಲ್ಲಿ ಆಗುವುದಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ನಡೆಯುತ್ತದೆ.

ನಿಜವಾದ ದೇಹ ಇಷ್ಟು ಚೊಕ್ಕ ಅಲ್ಲ. ಬೇರೆ ಪ್ರೋಟೀನ್‌ಗಳೂ ಇವೆ, ಫ್ರೀ ಟಿ4 ಸ್ವಲ್ಪ ಇಳಿದೇ ನಿಲ್ಲುತ್ತದೆ. ಹಾಗಾಗಿ ಟೋಟಲ್ ಎರಡು ಪಟ್ಟಾಗದೆ ಸುಮಾರು ಒಂದೂವರೆ ಪಟ್ಟಿಗೆ ನಿಲ್ಲುತ್ತದೆ. ನಾಲ್ಕು ತಿಂಗಳು ದಾಟಿದ ಮೇಲೆ ಸಾಮಾನ್ಯ ರೇಂಜನ್ನು ಒಂದೂವರೆಯಿಂದ ಗುಣಿಸಿ ಓದುವ ರೂಢಿ ಇದೆ. 5ರಿಂದ 12 ಅನ್ನುವುದು 7.5ರಿಂದ 18 ಆಗುತ್ತದೆ. ಆಕೆಯ 13.6 ಅದರ ನಟ್ಟನಡುವೆ! ಮೇಡಂ ಉಳಿದಿದ್ದ ಸೀರಮ್‌ನಲ್ಲೇ ಫ್ರೀ ಟಿ4 ಹಾಕಿಸಿದರು. 1.1 ಬಂತು. ಥೈರಾಯ್ಡ್‌ಗೆ ಏನೂ ಆಗಿರಲಿಲ್ಲ.

ಅವತ್ತು ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. ಅದು ನನ್ನ ತಪ್ಪಿಗಿಂತ ದೊಡ್ಡದು. "ಅವಳದ್ದು 6.5 ಬಂದಿದ್ರೆ ಏನ್ ಮಾಡ್ತಿದ್ದೆ?" ಏನೂ ಮಾಡುತ್ತಿರಲಿಲ್ಲ. H ಇಲ್ಲ, L ಇಲ್ಲ, ನಾರ್ಮಲ್ ಅಂತ ಕವರಿಗೆ ಹಾಕಿ ಕೊಡುತ್ತಿದ್ದೆ. ಐದು ತಿಂಗಳ ಬಸುರಿಗೆ 6.5 ಅಂದರೆ ಕಮ್ಮಿ. ಸುಳ್ಳು H ಯಾರಾದರೂ ಒಬ್ಬರ ಕಣ್ಣಿಗೆ ಬೀಳುತ್ತದೆ. ಸುಳ್ಳು ನಾರ್ಮಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲೇ ಥೈರಾಯ್ಡ್ ಕಮ್ಮಿ ಇದ್ದು ಮಾತ್ರೆ ತಗೊಳ್ಳುವವರಲ್ಲಿ ಹೀಗಾಗುವುದು ಹೆಚ್ಚು. ಖಾಲಿ ಆಟೋ ಜಾಸ್ತಿಯಾದಾಗ ಜನರನ್ನು ಕಳಿಸಲು ಅವರ ಗ್ರಂಥಿಗೆ ಶಕ್ತಿ ಇಲ್ಲ. ಡಾಕ್ಟರು ಬಸುರಿಯಲ್ಲಿ ಡೋಸ್ ಏರಿಸುವುದು ಆ ಖಾಲಿ ಸೀಟುಗಳ ಲೆಕ್ಕವನ್ನೂ ಸೇರಿಸಿ.

ಹಾಗಾದರೆ ಎಲ್ಲರಿಗೂ ಫ್ರೀ ಟಿ4 ಮಾಡಿಬಿಟ್ಟರೆ ಮುಗೀತು ಅಲ್ವಾ? ನಾನೂ ಕೆಲವು ವರ್ಷ ಹಾಗೇ ನಂಬಿದ್ದೆ. ಆದರೆ ಮಷಿನ್ ರಸ್ತೆಯಲ್ಲಿ ನಿಂತವರನ್ನು ಸುಮ್ನೆ ಎಣಿಸುವುದಿಲ್ಲ. ಅದರೊಳಗಿನ ಆಂಟಿಬಾಡಿ ಒಬ್ಬನನ್ನು ಹಿಡಿದುಕೊಂಡ ಕೂಡಲೇ ಆಟೋದಿಂದ ಇನ್ನೊಬ್ಬ ಇಳಿಯುತ್ತಾನೆ. ಅದಕ್ಕೇ ಕಿಟ್ಟನ್ನು ಬಹಳ ಕಡಿಮೆ ಹಿಡಿಯುವಂತೆ ಮಾಡಿ, ಗೊತ್ತಿರುವ ಸೀರಮ್‌ಗಳಿಗೆ ಹೋಲಿಸಿ ಅಂದಾಜು ಕಟ್ಟುತ್ತಾರೆ. ಆ ಅಂದಾಜು ಸರಿ ಬರುವುದು ಪ್ರೋಟೀನ್‌ಗಳು ಮಾಮೂಲಿ ಇದ್ದಾಗ. ಬಸುರಿಯಲ್ಲಿ ಟಿಬಿಜಿ ಜಾಸ್ತಿ, ಅಲ್ಬುಮಿನ್ ಕಮ್ಮಿ. ಹಾಗಾಗಿ ಒಂದೇ ರಕ್ತಕ್ಕೆ ಎರಡು ಕಂಪನಿಯ ಕಿಟ್ ಎರಡು ಉತ್ತರ ಕೊಡಬಹುದು. ಸಣ್ಣ ರಂಧ್ರಗಳ ಪೊರೆಯ ಒಂದು ಕಡೆ ಸೀರಮ್ ಇಟ್ಟು, ಆ ಕಡೆಗೆ ದಾಟಿ ಹೋದ ಟಿ4ಅನ್ನು ಮಾತ್ರ ಅಳೆಯುವ ವಿಧಾನ ಇದೆ. ಅದಕ್ಕೆ ಗಂಟೆಗಟ್ಟಲೆ ಬೇಕು, ನಮ್ಮಂಥ ಲ್ಯಾಬ್‌ಗಳಲ್ಲಿ ಅದು ನಡೆಯುವುದಿಲ್ಲ.

ಇದು ಮನಸ್ಸಿಗೆ ನಾಟಿದ್ದು ಒಬ್ಬ ಯಜಮಾನರ ಸ್ಯಾಂಪಲ್‌ನಿಂದ. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಫ್ರೀ ಟಿ4 2.9 ಬಂತು, ಟಿಎಸ್‌ಎಚ್ 2.4. ಫ್ರೀ ಅಷ್ಟು ಏರಿದ್ದರೆ ಪಿಟ್ಯುಟರಿ ಸುಮ್ಮನೆ ಕೂರುವುದಿಲ್ಲ, ಟಿಎಸ್‌ಎಚ್ ನೆಲ ಕಚ್ಚಬೇಕಿತ್ತು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಈ ಸಲ ನಾನು ಕೌಂಟರಿಗೆ ಹೋಗದೆ ಫೋನ್ ಎತ್ತಿಕೊಂಡೆ.

ರಕ್ತ ತೆಗೆದದ್ದು ಯಾವಾಗ ಅಂತ ಕೇಳಿದೆ. "ಡಯಾಲಿಸಿಸ್ ಮುಗೀತಿದ್ದಂಗೆ, ಸೂಜಿ ಹೆಂಗೂ ಇತ್ತಲ್ಲ ಅಂತ ಅದ್ರಲ್ಲೇ ತಗೊಂಡ್ವಿ ಅಣ್ಣ" ಅಂದಳು ಸಿಸ್ಟರ್. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುತ್ತಾರೆ. ಅದು ರಕ್ತನಾಳದ ಗೋಡೆಗೆ ಅಂಟಿಕೊಂಡಿರುವ, ಕೊಬ್ಬು ಒಡೆಯುವ ಕಿಣ್ವವನ್ನು ರಕ್ತಕ್ಕೆ ಬಿಡಿಸುತ್ತದೆ. ಟ್ಯೂಬ್ ಹೊರಗಿದ್ದಷ್ಟು ಹೊತ್ತೂ ಆ ಕಿಣ್ವ ಕೆಲಸ ಮಾಡುತ್ತಲೇ ಇರುತ್ತದೆ. ಒಡೆದ ಕೊಬ್ಬಿನಾಮ್ಲಗಳು ಪ್ರೋಟೀನ್‌ಗಳ ಮೇಲೆ ಕೂತಿದ್ದ ಟಿ4ಅನ್ನು ಎಬ್ಬಿಸಿ ಹೊರದಬ್ಬುತ್ತವೆ. ಜನ ಇಳಿದದ್ದು ಯಜಮಾನರ ಮೈಯಲ್ಲಿ ಅಲ್ಲ, ನಮ್ಮ ಟ್ಯೂಬ್‌ನಲ್ಲಿ. ಆ ಟ್ಯೂಬ್ ಬೇರೆ ಮಧ್ಯಾಹ್ನದ ಬಿಸಿಲಲ್ಲಿ ಮೂರು ಗಂಟೆ ಬೈಕಿನ ಬಾಕ್ಸಿನಲ್ಲಿತ್ತು.

ರಿಪೋರ್ಟ್ ತಡೆಹಿಡಿದೆವು. ಮುಂದಿನ ಸಲ ಡಯಾಲಿಸಿಸ್ ಶುರುವಾಗುವ ಮೊದಲು, ಹೆಪಾರಿನ್ ಮುಟ್ಟದ ರಕ್ತ ತರಿಸಿದೆವು. ಫ್ರೀ ಟಿ4 1.2 ಬಂತು.